‘ಮನುಷ್ಯರೇ ಮಾತಾಡುವುದಾ?’ – ಸಹಾಯವಾಣಿಯ ಮೊದಲ ಪ್ರಶ್ನೆ

ಮನಸ್ಸಿನ ಕಷ್ಟ ಹೇಳಿಕೊಳ್ಳಲು ಸಹಾಯವಾಣಿಗೆ ಕರೆ ಮಾಡುವವರಲ್ಲಿ ಕೆಲವರು ಕಷ್ಟವನ್ನು ಹೇಳುವ ಮೊದಲು ಒಂದು ಪ್ರಶ್ನೆ ಕೇಳುತ್ತಾರೆ: “ಇದು ಮನುಷ್ಯರೇ ಮಾತಾಡುವುದಾ, ಅಲ್ಲ ರೆಕಾರ್ಡಾ?”

ಈ ಸಂಶಯಕ್ಕೆ ಕಾರಣವಿದೆ. ಬ್ಯಾಂಕಿಗೆ ಫೋನ್ ಮಾಡಿದರೂ, ಗ್ಯಾಸ್ ಬುಕ್ ಮಾಡಿದರೂ ನಮಗೆ ಮೊದಲು ಕೇಳಿಸುವುದು ‘ಒಂದನ್ನು ಒತ್ತಿ, ಎರಡನ್ನು ಒತ್ತಿ’ ಎನ್ನುವ ಧ್ವನಿ. ಕೇಂದ್ರ ಸರಕಾರವು 2022ರ ಅಕ್ಟೋಬರ್ 10ರಂದು ಆರಂಭಿಸಿದ, ಬೆಂಗಳೂರಿನ ನಿಮ್ಹಾನ್ಸ್ ಮುಖ್ಯ ಕೇಂದ್ರವಾಗಿರುವ ‘ಟೆಲಿ ಮಾನಸ್’ ಸಹಾಯವಾಣಿಯಲ್ಲೂ (14416) ಹೀಗೆಯೇ. ಭಾಷೆಯನ್ನು ಆರಿಸಲು ಹೇಳುವುದು ಮುದ್ರಿತ ಧ್ವನಿ. ಅದಾದ ಬಳಿಕ ಸಮಾಲೋಚಕರು ಮಾತಿಗೆ ಸಿಗುತ್ತಾರೆ. ಧ್ವನಿ ಬದಲಾದದ್ದು ಗಾಬರಿಯಲ್ಲಿರುವವರ ಗಮನಕ್ಕೆ ಬಾರದಿರಬಹುದು. ಸಮಾಲೋಚಕರು ಕಲಿತ ಸ್ವಾಗತದ ವಾಕ್ಯವನ್ನೇ ಒಂದೇ ರಾಗದಲ್ಲಿ ಹೇಳಿದರಂತೂ ಅದೂ ಯಂತ್ರದ ಹಾಗೆಯೇ ಕೇಳಿಸುತ್ತದೆ!

ಒಂದು ಕಲ್ಪಿತ ಉದಾಹರಣೆಯನ್ನು ನೋಡೋಣ. ವೀಸಾಕ್ಕೆಂದು ಸಾಲ ಮಾಡಿ ಗಲ್ಫಿಗೆ ಹೋದ ಯುವಕನೊಬ್ಬ ಕೆಲಸ ಕಳೆದುಕೊಂಡು ಊರಿಗೆ ಮರಳಿದ್ದಾನೆ. ರಾತ್ರಿ ಎರಡು ಗಂಟೆ. ಪಕ್ಕದ ಕೋಣೆಯಲ್ಲಿ ತಾಯಿ ಮಲಗಿರುವುದರಿಂದ ಪಿಸುದನಿಯಲ್ಲಿ ಅದೇ ಪ್ರಶ್ನೆ ಕೇಳುತ್ತಾನೆ.

“ಹೌದು, ಮನುಷ್ಯಳೇ. ಕೇಳ್ತಾ ಇದ್ದೇನೆ, ಹೇಳಿ.”

ಇಷ್ಟೇ ಉತ್ತರ ಸಾಕು. ಇದರ ನಂತರ ಸುಮ್ಮನಿರುವುದೇ ಕಷ್ಟದ ಕೆಲಸ. ಹೊಸಬರು ಹೆಚ್ಚಾಗಿ ಎಡವುವುದು ಇಲ್ಲಿ. ತಮ್ಮ ತರಬೇತಿ, ಸಂಸ್ಥೆಯ ಹೆಸರು, ಎಷ್ಟು ವರ್ಷದ ಅನುಭವ ಎಂದೆಲ್ಲ ವಿವರಿಸತೊಡಗುತ್ತಾರೆ. ಆತ ಧೈರ್ಯ ಮಾಡಿ ತೆರೆದ ಬಾಯಿ ಅಷ್ಟರಲ್ಲಿ ಮುಚ್ಚಿಹೋಗುತ್ತದೆ. “ಯಾಕೆ ಹಾಗೆ ಕೇಳಿದ್ರಿ?” ಎಂದರೆ ತಾನೇನೋ ತಪ್ಪು ಮಾಡಿದೆ ಎಂದುಕೊಳ್ಳುತ್ತಾನೆ. ತಮಾಷೆ ಮಾಡುವುದಂತೂ ಸಲ್ಲದು. ಆ ಕಡೆಯವನು ನಗುವ ಸ್ಥಿತಿಯಲ್ಲಿದ್ದಾನೋ ಇಲ್ಲವೋ ನಮಗೆ ಕಾಣುವುದಿಲ್ಲವಲ್ಲ.

ಹತ್ತು ಸೆಕೆಂಡು ಮೌನವಾದರೂ ಗಾಬರಿಯಾಗಬೇಕಾಗಿಲ್ಲ. ಮೌನ ಇನ್ನೂ ಮುಂದುವರಿದರೆ “ಇಲ್ಲೇ ಇದ್ದೇನೆ” ಎಂದಷ್ಟೇ ಹೇಳಬಹುದು. ಆಮೇಲೆ ಆತ “ಸಾಲದವರು ನಾಳೆ ಮನೆಗೆ ಬರ್ತಾರೆ” ಎಂದನೆನ್ನಿ. “ನಾಳೆ ಅವರು ಬಂದಾಗ ಅಮ್ಮ ಮನೆಯಲ್ಲೇ ಇರ್ತಾರಾ?” ಎಂದು ಕೇಳಿದರೆ, ಕೇಳುತ್ತಿರುವುದು ಮನುಷ್ಯರೇ ಎಂಬುದಕ್ಕೆ ಬೇರೆ ಪುರಾವೆ ಬೇಡ. ಅದರ ಬದಲು “ನಿಮ್ಮ ಭಾವನೆಗಳು ನಮಗೆ ಅರ್ಥವಾಗುತ್ತವೆ” ಎಂದರೆ ಮೊದಲಿನ ಸಂಶಯ ಮರಳಿ ಬರುತ್ತದೆ.

ಕೆಲವೊಮ್ಮೆ ಈ ಪ್ರಶ್ನೆಯ ಹಿಂದೆ ಇನ್ನೊಂದು ಪ್ರಶ್ನೆ ಇರುತ್ತದೆ: ನನ್ನ ಮಾತು ರೆಕಾರ್ಡ್ ಆಗುತ್ತದೋ, ಮನೆಯವರಿಗೆ ತಿಳಿಸುತ್ತೀರೋ? ಆತ ಅದನ್ನು ಬಾಯಿಬಿಟ್ಟು ಕೇಳಿದಾಗ ಸಮಾಧಾನಕ್ಕೆಂದು ಸುಳ್ಳು ಹೇಳಬಾರದು. ಕರೆ ದಾಖಲಾಗುವ ವ್ಯವಸ್ಥೆ ಇದ್ದರೆ ‘ಹೌದು’ ಎನ್ನಬೇಕು. ಜೀವಕ್ಕೆ ಅಪಾಯವಿದೆಯೆಂದು ಕಂಡಾಗ ಬೇರೆಯವರ ಸಹಾಯ ಕೇಳುವ ನಿಯಮವಿದ್ದರೆ ಅದನ್ನೂ ಒಂದೇ ವಾಕ್ಯದಲ್ಲಿ ಹೇಳಬೇಕು. ‘ಯಾರಿಗೂ ಏನೂ ಹೇಳುವುದಿಲ್ಲ’ ಎಂದು ಮಾತುಕೊಟ್ಟು ನಂತರ ಮುರಿದರೆ ಆತ ಇನ್ನೊಮ್ಮೆ ಆ ನಂಬರ್ ಒತ್ತಲಾರ.

ಸಂದೇಶದ ಮೂಲಕ ನಡೆಯುವ ಸಹಾಯದಲ್ಲಿ ಈ ವಿಷಯ ಇನ್ನೂ ಸೂಕ್ಷ್ಮ. ಅಮೆರಿಕದಲ್ಲಿ 2013ರಲ್ಲಿ ಆರಂಭವಾದ ‘ಕ್ರೈಸಿಸ್ ಟೆಕ್ಸ್ಟ್ ಲೈನ್’ನಲ್ಲಿ ಮೊದಲು ಬರುವ ಸಂದೇಶಗಳು ತಾವಾಗಿಯೇ ಹೋಗುವಂಥವು. ಬಳಿಕ ಸ್ವಯಂಸೇವಕರು ಬರೆಯುತ್ತಾರೆ. ಇಂತಹ ಕಡೆ ‘ನೀವು ನಿಜವಾದ ವ್ಯಕ್ತಿಯೇ?’ ಎಂದು ಕೇಳಿದವರಿಗೆ ಬರೀ ‘ಹೌದು’ ಎಂದರೆ ಅರ್ಧ ಸತ್ಯ. “ಮೊದಲಿನವು ತಾವಾಗಿಯೇ ಬಂದ ಸಂದೇಶಗಳು. ಈಗ ಬರೆಯುತ್ತಿರುವುದು ನಾನು” ಎಂದರೆ ಪೂರ್ತಿ ಉತ್ತರವಾಗುತ್ತದೆ. ಇಲ್ಲಿ ಧ್ವನಿಯೂ ಇಲ್ಲ, ಉಸಿರೂ ಕೇಳಿಸುವುದಿಲ್ಲ. ಉತ್ತರ ತಡವಾದರೆ ಯಂತ್ರ ಕೈಕೊಟ್ಟಿತೆಂದೇ ಆ ಕಡೆಯವರು ಭಾವಿಸುತ್ತಾರೆ. ಆದ್ದರಿಂದ ಉದ್ದದ ಉತ್ತರ ಬರೆಯುವುದಿದ್ದರೆ ‘ಓದುತ್ತಿದ್ದೇನೆ, ಒಂದು ನಿಮಿಷ’ ಎಂದು ಮೊದಲೇ ಕಳುಹಿಸುವುದು ಒಳ್ಳೆಯದು.

ಇಂತಹ ಸೇವೆಗೆ ದಾರಿ ತೋರಿದವರಲ್ಲಿ ಒಬ್ಬರು ಲಂಡನಿನ ಆಂಗ್ಲಿಕನ್ ಗುರು ಚಾಡ್ ವಾರಾ. 1953ರಲ್ಲಿ ತಮ್ಮ ಚರ್ಚಿನಿಂದಲೇ ಅವರು ‘ಸಮಾರಿಟನ್ಸ್’ ಆರಂಭಿಸಿದರು. ಅವರನ್ನು ಕಾಣಲು ಬಂದು ಕಾಯುತ್ತಿದ್ದವರ ಜೊತೆ ಸ್ವಯಂಸೇವಕರು ಕುಳಿತು ಮಾತಾಡುತ್ತಿದ್ದರು. ಹಲವರಿಗೆ ಅಷ್ಟೇ ಸಾಕಾಗಿ, ಗುರುಗಳನ್ನು ಕಾಣುವ ಅಗತ್ಯವೇ ಬೀಳದೆ ಅವರು ಎದ್ದು ಹೋಗುತ್ತಿದ್ದರಂತೆ.