ಮಾತ್ರೆ ಶುರುವಾದ ಮೇಲೆ ಗಂಟು ಊದಿದ್ದೇಕೆ?

ಪ್ರಶ್ನೆ: ಎಚ್‌ಐವಿ ಇರುವ ನನ್ನ ತಮ್ಮನ ಸಿಡಿ4 ಎಣಿಕೆ 60 ಇತ್ತು. ಎಆರ್‌ಟಿ ಮಾತ್ರೆ ಶುರು ಮಾಡಿದ ಮೂರನೇ ವಾರಕ್ಕೆ ಜ್ವರ ಬಂದು, ಕುತ್ತಿಗೆಯಲ್ಲಿ ಗಂಟು ಊದಿದೆ. ಮಾತ್ರೆ ನಿಲ್ಲಿಸೋಣವೇ?
— ಓದುಗರೊಬ್ಬರು, ಹೊಸೂರು

ಉತ್ತರ: ನೀವಾಗಿಯೇ ನಿಲ್ಲಿಸಬೇಡಿ. ಎಣಿಕೆ ಅಷ್ಟು ಕುಸಿದಾಗ ಮೈಯೊಳಗೆ ಕ್ಷಯದ ರೋಗಾಣು ಇದ್ದರೂ ಅದರ ಮೇಲೆ ಬೀಳಲು ದೇಹಕ್ಕೆ ಸೈನ್ಯವೇ ಇರುವುದಿಲ್ಲ. ಮಾತ್ರೆಯಿಂದ ವೈರಸ್ ತಗ್ಗಿ ಸಿಡಿ4 ಕಣಗಳು ಮರಳಿದಾಗ, ಅಡಗಿದ್ದ ರೋಗಾಣುವಿನ ಮೇಲೆ ಒಮ್ಮೆಗೇ ಮುಗಿಬೀಳುತ್ತವೆ. ಜ್ವರ, ಊತ ಆ ಕಾಳಗದ್ದು. ವೈದ್ಯರು ಇದನ್ನು ‘ಐರಿಸ್’ ಎನ್ನುತ್ತಾರೆ. ಎಣಿಕೆ 100ಕ್ಕಿಂತ ಕಡಿಮೆ ಇದ್ದವರಲ್ಲಿ, ಮೊದಲ ಮೂರು ತಿಂಗಳಲ್ಲೇ ಇದು ಹೆಚ್ಚು.

ಆದರೆ ಊಹೆ ಸಾಲದು. ಗಂಟಿನಿಂದ ಸೂಜಿಯಲ್ಲಿ ತೆಗೆದ ದ್ರವವನ್ನು ಕ್ಷಯಕ್ಕಾಗಿ ಪರೀಕ್ಷಿಸಬೇಕು. ಕ್ಷಯವಿದ್ದರೆ ಅದರ ಔಷಧಿ ಜೊತೆಗೂಡುತ್ತದೆ. ಊತ ವಿಪರೀತವಾದರೆ ಕೆಲ ವಾರ ಸ್ಟೀರಾಯ್ಡ್ ಕೊಡುತ್ತಾರೆ. ಎಆರ್‌ಟಿ ಸಾಮಾನ್ಯವಾಗಿ ಮುಂದುವರಿಯುತ್ತದೆ.

ಕೋಟ್ರೈಮಾಕ್ಸಜೋಲ್ ಮಾತ್ರೆಯನ್ನೂ ಬಿಡಬಾರದು. ನ್ಯುಮೋಸಿಸ್ಟಿಸ್ ನ್ಯುಮೋನಿಯಾ, ಮೆದುಳಿನ ಟಾಕ್ಸೊಪ್ಲಾಸ್ಮಾ ಎರಡನ್ನೂ ತಡೆಯುವ ಅಗ್ಗದ ಮದ್ದು ಅದು. ನಮ್ಮ ದೇಶದಲ್ಲಿ ಎಣಿಕೆ 350ಕ್ಕಿಂತ ಕೆಳಗಿದ್ದರೆ ಕೊಡುತ್ತಾರೆ. ಆರು ತಿಂಗಳ ಅಂತರದ ಎರಡು ಪರೀಕ್ಷೆಗಳಲ್ಲಿ ಆ ಮಟ್ಟ ದಾಟುವವರೆಗೆ ನಿಲ್ಲಿಸುವುದಿಲ್ಲ.

ತೀವ್ರ ತಲೆನೋವು, ವಾಂತಿ, ಮಂಪರು ಕಂಡರೆ ಮಾತ್ರ ಒಂದು ದಿನವೂ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.