ರೆಸ್ಯೂಮೆಯಲ್ಲಿ ನಿಮ್ಮ ಕೆಲಸ ಎಲ್ಲಿದೆ?

ಬೆಂಗಳೂರಿನ ಸರ್ವಿಸ್ ಕಂಪನಿಗಳಲ್ಲಿ ಐದಾರು ವರ್ಷ ದುಡಿದವರ ರೆಸ್ಯೂಮೆಗಳಲ್ಲಿ ಇಂಥ ಒಂದು ಸಾಲು ಇದ್ದೇ ಇರುತ್ತದೆ: ‘ಅಮೆರಿಕದ ಪ್ರಮುಖ ಬ್ಯಾಂಕಿನ ಪ್ರಾಜೆಕ್ಟಿನಲ್ಲಿ ಜಾವಾ, ಸ್ಪ್ರಿಂಗ್ ಬೂಟ್ ಬಳಸಿ ಕೆಲಸ ಮಾಡಿದ್ದೇನೆ.’ ಇದರಲ್ಲಿ ಸುಳ್ಳೇನಿಲ್ಲ. ಯಾರಿಗೆ ಯಾವ ತಂತ್ರಜ್ಞಾನ ಗೊತ್ತು ಎಂದು ಕ್ಲೈಂಟ್‌ಗೆ ತೋರಿಸಬೇಕಾದ ಕಡೆ ಇಷ್ಟು ಸಾಕು. ಸ್ವಂತ ಆ್ಯಪ್ ನಡೆಸುವ ಪ್ರಾಡಕ್ಟ್ ಕಂಪನಿಯವರು ಹುಡುಕುವುದು ಬೇರೆಯದನ್ನು. ಏನು ಕೆಟ್ಟಿತ್ತು, ಅದನ್ನು ಗಮನಿಸಿದವರು ಯಾರು, ನೀವು ಕೈಹಾಕಿದ ಮೇಲೆ ಏನು ಬದಲಾಯಿತು?

ಒಂದು ಉದಾಹರಣೆ ತೆಗೆದುಕೊಳ್ಳೋಣ. ಒಬ್ಬ ಯುವತಿ ಇಂಥದ್ದೇ ಪ್ರಾಜೆಕ್ಟಿನ ಸಪೋರ್ಟ್ ತಂಡದಲ್ಲಿದ್ದಾಳೆ ಎಂದುಕೊಳ್ಳಿ. ರಾತ್ರಿ ಲೆಕ್ಕ ತಾಳೆ ನೋಡುವ ಬ್ಯಾಚ್ ಜಾಬ್ 6 ಗಂಟೆ ಹಿಡಿಯುತ್ತದೆ. ಶಾಖೆಗಳು ತೆರೆದರೂ ವರದಿ ಬಂದಿರುವುದಿಲ್ಲ. ದೂರಿನ ಟಿಕೆಟ್ ಬಂದಾಗಲೆಲ್ಲ ‘ಜಾಬ್ ಇನ್ನೂ ಓಡುತ್ತಿದೆ’ ಎಂದು ಬರೆದು ಮುಚ್ಚುವುದು ತಂಡದ ರೂಢಿ. ಅವಳು ಲಾಗ್ ತೆರೆದು ನೋಡಿದಾಗ, ಒಂದೊಂದು ವಹಿವಾಟಿಗೂ ಡೇಟಾಬೇಸಿಗೆ ಬೇರೆಬೇರೆ ಕ್ವೆರಿ ಹೋಗುತ್ತಿರುವುದು ಕಂಡಿತು. ಸಾವಿರ ವಹಿವಾಟುಗಳನ್ನು ಒಟ್ಟಿಗೆ ತರುವಂತೆ ಕೋಡ್ ಬದಲಿಸಿದಳು. 6 ಗಂಟೆ 2ಕ್ಕೆ ಇಳಿಯಿತು.

ಈಗ ಅವಳ ಸಾಲು ಹೀಗಾಗಬಹುದು: ‘ಶಾಖೆಗಳಿಗೆ ತಡವಾಗಿ ತಲುಪುತ್ತಿದ್ದ ವರದಿಯ ಮೂಲ ಕಾರಣ ಹುಡುಕಿ, ಕ್ವೆರಿಗಳನ್ನು ಒಟ್ಟುಗೂಡಿಸಿ, ಜಾಬ್ ಅವಧಿಯನ್ನು 6 ಗಂಟೆಯಿಂದ 2 ಗಂಟೆಗೆ ಇಳಿಸಿದೆ, ವರದಿ ಈಗ ಶಾಖೆ ತೆರೆಯುವ ಮುನ್ನವೇ ಸಿದ್ಧ.’ ಹೊಣೆ ಹೊತ್ತದ್ದೂ ಇದೆ, ಫಲವೂ ಇದೆ, ಆ ಫಲ ಯಾರಿಗೆ ಸಿಕ್ಕಿತು ಎಂಬುದೂ ಇದೆ. ಜಾವಾದ ಹೆಸರು ಕೌಶಲಗಳ ಪಟ್ಟಿಗೆ ಹೋದರೆ ನಷ್ಟವಿಲ್ಲ.

ಹೆಚ್ಚಿನವರು ಎಡವುವುದು ಇಲ್ಲಿಂದ ಮುಂದೆ. ‘ಶೇ 40ರಷ್ಟು ವೇಗ ಹೆಚ್ಚಿಸಿದೆ’ ಎಂದು ಬರೆದವರನ್ನು ಸಂದರ್ಶಕರು ಮೊದಲು ಕೇಳುವುದೇ, ಯಾವುದರ ಶೇ 40, ಅಳೆದದ್ದು ಹೇಗೆ ಎಂದು. ಮೊದಲಿನ ಅಂಕಿ ಕೈಯಲ್ಲಿಲ್ಲದಿದ್ದರೆ ಆ ಸಾಲು ಅಲ್ಲೇ ಕುಸಿಯುತ್ತದೆ. ಎರಡನೇ ಪ್ರಶ್ನೆ ಇನ್ನೂ ಆಳದ್ದು: ದೊಡ್ಡ ಸರ್ವರ್ ಹಾಕಬಹುದಿತ್ತಲ್ಲ, ಯಾಕೆ ಹಾಕಲಿಲ್ಲ? ‘ಖರ್ಚು ಪ್ರತಿ ತಿಂಗಳೂ ಬರುತ್ತಿತ್ತು, ವಹಿವಾಟು ಹೆಚ್ಚಿದರೆ ತೊಂದರೆ ಮತ್ತೆ ಮರಳುತ್ತಿತ್ತು’ ಎಂದು ಹೇಳಬಲ್ಲವರಲ್ಲಿ ಪ್ರಾಡಕ್ಟಿನ ದೃಷ್ಟಿ ಇದೆ. ಮಾತಿನುದ್ದಕ್ಕೂ ‘ನಾವು ಮಾಡಿದೆವು’ ಎಂದೇ ಹೇಳಿದರೆ ನಿಮ್ಮ ಪಾಲು ಕಾಣುವುದಿಲ್ಲ. ಹಾಗೆಂದು ಮ್ಯಾನೇಜರ್ ತೆಗೆದುಕೊಂಡ ನಿರ್ಧಾರವನ್ನು ನಿಮ್ಮದೆನ್ನಬೇಡಿ. ಎರಡು ಮರುಪ್ರಶ್ನೆಗಳಲ್ಲಿ ಅದು ಬಯಲಾಗುತ್ತದೆ.

ಇದೆಲ್ಲ ಸಂದರ್ಶನದ ಕರೆ ತರಿಸಬಲ್ಲದು, ಅಷ್ಟೇ. ಕೋಡಿಂಗ್ ಸುತ್ತು, ಡಿಸೈನ್ ಸುತ್ತುಗಳಿಗೆ ಬೇರೆ ತಯಾರಿಯೇ ಬೇಕು.

ಕ್ಲೈಂಟ್ ಹೆಸರು, ಕಡತ, ಕೋಡ್ ಯಾವುದನ್ನೂ ಹೊರಗೆ ತರಬೇಡಿ. ಒಪ್ಪಂದ ಅದಕ್ಕೆ ಬಿಡುವುದಿಲ್ಲ. ಅಂಕಿ ಹೇಳುವುದೂ ಗೌಪ್ಯತೆಗೆ ಅಡ್ಡಿ ಎನಿಸಿದರೆ ‘ಮೂರನೇ ಒಂದು ಭಾಗಕ್ಕೆ ಇಳಿಸಿದೆ’ ಎಂದರೂ ನಡೆಯುತ್ತದೆ. ಆದರೆ ಮೊದಲು ಎಷ್ಟಿತ್ತು, ಆಮೇಲೆ ಎಷ್ಟಾಯಿತು ಎಂಬುದನ್ನು ಕೆಲಸ ಮುಗಿದ ವಾರವೇ ನೋಡಿ ಮನದಟ್ಟು ಮಾಡಿಕೊಳ್ಳಿ. ಪ್ರಾಜೆಕ್ಟಿನಿಂದ ಬಿಡುಗಡೆಯಾದ ಮೇಲೆ ಆ ಲಾಗ್‌ಗಳನ್ನು ತೆರೆಯಲು ನಿಮಗೆ ಅನುಮತಿ ಇರುವುದಿಲ್ಲ.