ಎಡಕ್ಕೊಂದು ಅಳತೆ, ಬಲಕ್ಕೊಂದು ಅಳತೆ

ಗುತ್ತೂರಿನ ಮಧ್ಯಾಹ್ನ. ಭೂಗೋಳದ ಮೇಷ್ಟ್ರ ಮೇಜಿನ ಮೇಲೆ ಎಸ್ಸೆಸ್ಸೆಲ್ಸಿ ಮಕ್ಕಳ ಉತ್ತರಪತ್ರಿಕೆಗಳ ಕಟ್ಟು. ಫ್ಯಾನಿನ ಗಾಳಿಗೆ ಹಾರದಿರಲೆಂದು ಕಟ್ಟಿನ ಮೇಲೆ ಡಸ್ಟರ್ ಇಟ್ಟಿದ್ದಾರೆ. ಕೈಯಲ್ಲಿ ಕೆಂಪು ಪೆನ್ನಿದೆ, ಪಕ್ಕದಲ್ಲೊಂದು ಮರದ ಸ್ಕೇಲಿದೆ. ಸ್ಕೇಲು ಗೆರೆ ಎಳೆಯಲಿಕ್ಕಲ್ಲ, ನಕ್ಷೆಯ ಮೇಲೆ ಅಡ್ಡ ಹಿಡಿದು ಸ್ತಂಭದ ತುದಿ ಯಾವ ಅಂಕಿಗೆ ತಾಗುತ್ತದೆಂದು ನೋಡಲಿಕ್ಕೆ.

ಪ್ರಶ್ನೆ ಒಂದು ವಾಯುಗುಣ ನಕ್ಷೆಯದು. ಅಭ್ಯಾಸಕ್ಕೆಂದು ಮೇಷ್ಟ್ರೇ ಬರೆದದ್ದು, ಅಂಕಿಗಳೂ ಅವರವೇ. ಬಯಲುಸೀಮೆಯ ಊರೊಂದರ ಚಹರೆ ಬರುವಂತೆ ಮಾಡಿದ್ದಾರೆ: ವರ್ಷದ ಮಳೆ 660 ಮಿ.ಮೀ. ಮಳೆಗೆ ನೀಲಿ ಸ್ತಂಭಗಳು, ಉಷ್ಣಾಂಶಕ್ಕೆ ಕೆಂಪು ಗೆರೆ. ಎಡಗಡೆ ಅಕ್ಷದಲ್ಲಿ 0, 50, 100, 150 ಎಂದು ಮಿಲಿಮೀಟರು, ಬಲಗಡೆ 0, 10, 20, 30 ಎಂದು ಡಿಗ್ರಿ ಸೆಲ್ಸಿಯಸ್. ಎರಡು ಅಂಕಿಗಳ ನಡುವೆ ಐದು ಮನೆ. ಹಾಗಾಗಿ ಒಂದೇ ಮನೆ ಎಡದಿಂದ ನೋಡಿದರೆ 10 ಮಿ.ಮೀ., ಬಲದಿಂದ ನೋಡಿದರೆ 2 ಡಿಗ್ರಿ.

ಅಕ್ಟೋಬರಿನ ಸ್ತಂಭ ಹನ್ನೆರಡು ಮನೆ ಎತ್ತರ, ಅಂದರೆ 120 ಮಿ.ಮೀ. ಮೊದಲ ಪತ್ರಿಕೆಯಲ್ಲಿ ಉತ್ತರ 24. ಮೇಷ್ಟ್ರಿಗೆ ಕಾರಣ ಹುಡುಕಬೇಕಾಗಿಲ್ಲ. ಸರಿಯುತ್ತರದ ಐದನೇ ಒಂದು ಭಾಗ ಬಂದಿದೆಯೆಂದರೆ ಹುಡುಗ ಮಳೆಯನ್ನು ಬಲಗಡೆಯ ಡಿಗ್ರಿ ಅಂಕಿಗಳಲ್ಲಿ ಓದಿದ್ದಾನೆ. ಮುಂದಿನ ಪತ್ರಿಕೆಯ ಉತ್ತರ 110. ಇದು ಕಣ್ಣು ತಪ್ಪಿದ್ದೇ? ಅದೇ ಪತ್ರಿಕೆಯಲ್ಲಿ ಜುಲೈಗೆ 100 ಎಂದು ಸರಿಯಾಗಿಯೇ ಇದೆ. ಮೇ ತಿಂಗಳ 80 ಮಾತ್ರ 65 ಆಗಿದೆ. ಮೇಷ್ಟ್ರು ಮನೆ ಎಣಿಸುತ್ತಾರೆ. 50ರ ಮೇಲೆ ಮೂರು ಮನೆ. ಮನೆಗೆ ಐದರಂತೆ ಕೂಡಿದರೆ 65. ಅಚ್ಚಾದ ಅಂಕಿಗೆ ನೇರವಾಗಿ ನಿಂತ ಸ್ತಂಭಗಳು ಸರಿ, ನಡುವೆ ನಿಂತವು ಮಾತ್ರ ತಪ್ಪು ಎಂದಾದರೆ, ಮಗುವಿಗೆ ಅಕ್ಷ ತಿಳಿದಿದೆ, ಒಂದು ಮನೆಯ ಬೆಲೆ ತಿಳಿದಿಲ್ಲ. ಪರೀಕ್ಷೆಗೆ ನಕ್ಷೆ ಬರೆಯುವವರು ಎಲ್ಲ ಸ್ತಂಭಗಳನ್ನೂ ದುಂಡು ಅಂಕಿಗೆ ನಿಲ್ಲಿಸಿಬಿಟ್ಟರೆ ಈ ತಪ್ಪು ಎಂದೂ ಸಿಕ್ಕಿಬೀಳುವುದಿಲ್ಲ.

ಇವೆಲ್ಲ ಓದಿನ ತಪ್ಪು. ತೀರ್ಮಾನದ ತಪ್ಪು ಇನ್ನೂ ಸ್ವಾರಸ್ಯದ್ದು. ‘ವರ್ಷವಿಡೀ ಮಳೆಯ ಸ್ತಂಭ ಉಷ್ಣಾಂಶದ ಗೆರೆಗಿಂತ ಕೆಳಗಿದೆ, ಆದ್ದರಿಂದ ಈ ಊರಿನಲ್ಲಿ ಹನ್ನೆರಡು ತಿಂಗಳೂ ಬರ’ ಎಂದು ಒಬ್ಬಳು ಬರೆದಿದ್ದಾಳೆ. ಅಂಕಿ ಎಲ್ಲ ಸರಿ, ಬರಹವೂ ಮುದ್ದಾಗಿದೆ. ಆದರೆ ಡಿಗ್ರಿ ಮತ್ತು ಮಿಲಿಮೀಟರನ್ನು ಎತ್ತರದಿಂದ ಹೋಲಿಸಲು ಬರುವುದಿಲ್ಲ; ಬಲಗಡೆಯ ಅಂಕಿ ಬೇರೆ ರೀತಿ ಹಾಕಿದ್ದರೆ ಗೆರೆಯೇ ಕೆಳಗಿಳಿಯುತ್ತಿತ್ತು.

ಹಾಗೆ ಹೋಲಿಸುವುದಕ್ಕೂ ಒಂದು ಪದ್ಧತಿ ಇದೆ. ಜರ್ಮನಿಯ ಸಸ್ಯವಿಜ್ಞಾನಿ ಹೈನ್ರಿಖ್ ವಾಲ್ಟರ್ ಅವರ ನಕ್ಷೆಗಳಲ್ಲಿ 10 ಡಿಗ್ರಿಯ ಎದುರಿಗೆ 20 ಮಿ.ಮೀ. ಬರುವಂತೆ ಅಳತೆ ಕಟ್ಟಿರುತ್ತಾರೆ. ಆಗ ಮಾತ್ರ ಮಳೆ ಉಷ್ಣಾಂಶದ ಗೆರೆಗಿಂತ ಕೆಳಗಿದ್ದ ತಿಂಗಳನ್ನು ಒಣ ತಿಂಗಳೆನ್ನಬಹುದು. ಮೇಷ್ಟ್ರು ಪತ್ರಿಕೆಯ ಅಂಚಿನಲ್ಲೇ ಲೆಕ್ಕ ಹಾಕುತ್ತಾರೆ. ಏಪ್ರಿಲ್‌ನಲ್ಲಿ 30 ಡಿಗ್ರಿ, ಅದಕ್ಕೆ 60 ಮಿ.ಮೀ. ಬೇಕು, ಬಿದ್ದದ್ದು 40, ಒಣ ತಿಂಗಳು. ಅಕ್ಟೋಬರಿನಲ್ಲಿ 26 ಡಿಗ್ರಿ, ಬೇಕಾದದ್ದು 52, ಬಿದ್ದದ್ದು 120. ಹೀಗೆ ನೋಡಿದರೆ ಮೇಯಿಂದ ಅಕ್ಟೋಬರ್‌ವರೆಗೆ ಆರು ತಿಂಗಳು ತೇವವಾಗಿವೆ. ಅಂಕಿಗಳು ಅವೇ, ತೀರ್ಮಾನ ಮಾತ್ರ ತಲೆಕೆಳಗು.

ಇನ್ನೊಂದು ತಪ್ಪಿಗೆ ಮೇಷ್ಟ್ರು ಕೆಂಪು ಪೆನ್ನು ಕೆಳಗಿಟ್ಟು ನಗುತ್ತಾರೆ. ಅತಿ ಹೆಚ್ಚು ಮಳೆಯ ತಿಂಗಳು ಜುಲೈ ಎಂದು ಹುಡುಗಿ ಬರೆದಿದ್ದಾಳೆ. ಕರೆದು ಕೇಳಿದರೆ ಅವಳ ಉತ್ತರ ಸಿದ್ಧ.

‘ಜುಲೈನಾಗೆ ಹರಿಹರದ ಹೊಳಿ ತುಂಬಿ ಹರಿತೈತಲ್ರಿ ಸರ್.’

‘ಆ ನೀರು ಎಲ್ಲಿದವ್ವಾ?’

ಅವಳು ಸುಮ್ಮನಾದಳು. ತುಂಗೆ, ಭದ್ರೆ ಕೂಡಲಿಯಲ್ಲಿ ಸೇರಿ ಇಲ್ಲಿಗೆ ಬರುತ್ತವೆ. ಆ ನೀರಿನ ಬಹುಪಾಲು ಮಲೆನಾಡಿನ ಮುಂಗಾರಿನದು. ಹೊಳೆ ಉಕ್ಕುವ ದಿನ ಇಲ್ಲಿ ಬಿಸಿಲೂ ಇರಬಹುದು. ಅವಳು ನಕ್ಷೆ ಓದಲಿಲ್ಲ, ಸೇತುವೆಯ ಮೇಲೆ ನಿಂತು ಕಂಡದ್ದನ್ನು ಬರೆದಳು. ನನಗೆ ಅದು ಅಕ್ಷ ತಪ್ಪಿದ ಉತ್ತರಕ್ಕಿಂತ ಮೇಲೆನಿಸಿತು. ಆದರೆ ಪ್ರಶ್ನೆ ಕೇಳಿದ್ದು ಮಳೆಯನ್ನು, ಹೊಳೆಯನ್ನಲ್ಲ, ಅಂಕ ಕೊಡಲಾಗದು.

‘ಮುಂಗಾರು ಬಿಟ್ಟರೆ ಈ ಊರಿಗೆ ಮಳೆಯಿಲ್ಲ’ ಎಂದು ಬರೆದವರಂತೂ ಬಹಳ. ಪಠ್ಯದಲ್ಲಿ ದೇಶಕ್ಕೆಲ್ಲ ಅನ್ವಯಿಸಿ ಹೇಳಿದ್ದನ್ನು ಬಾಯಿಪಾಠದಿಂದ ಇಳಿಸಿದ್ದಾರೆ. ನಕ್ಷೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೂಡಿದರೆ 370 ಮಿ.ಮೀ., ಅಂದರೆ ಶೇ. 56. ಉಳಿದ 290ರಲ್ಲಿ 120 ಅಕ್ಟೋಬರ್ ಒಂದೇ ತಿಂಗಳದು.

ಅಂಕ ಹಾಕುವಾಗ ಮೇಷ್ಟ್ರದು ಒಂದೇ ಪಟ್ಟು. ಅಕ್ಟೋಬರನ್ನು 110 ಎಂದು ಓದಿದವನಿಗೆ ಆ ಒಂದು ಅಂಕ ಹೋಗುತ್ತದೆ. ಆ 110ನ್ನೇ ಹಿಡಿದು ಮುಂದಿನ ಕೂಡುಲೆಕ್ಕವನ್ನು ಸರಿಯಾಗಿ ಮಾಡಿದ್ದರೆ ಅದಕ್ಕೆ ಅಂಕ ಸಿಗುತ್ತದೆ. ಒಂದೇ ತಪ್ಪಿಗೆ ನಾಲ್ಕು ಸಲ ಅಂಕ ಕಡಿಯುವ ಮೌಲ್ಯಮಾಪಕರೇ, ಉತ್ತರದ ಜೊತೆ ಮನೆಗಳನ್ನೂ ಒಮ್ಮೆ ಎಣಿಸಿ ನೋಡಿ.